ತಾಯಿ ಮತ್ತೆ ಕರಿಹಲಗೆಯ ಮುಂದೆ ನಿಂತಾಗ

ಬೇಸಿಗೆಯ ರಜೆ ತೊಡಗಿ ಶಾಲೆಯ ಅಂಗಳಗಳು ಬರಿದಾಗುವ ದಿನಗಳಲ್ಲಿಯೇ ಬೀದರ, ಭಾಲ್ಕಿ, ಔರಾದ ಕಡೆಯ ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರು ಹೊಸ ಶಿಕ್ಷಕರ ಸಂದರ್ಶನಕ್ಕೆ ಕುಳಿತುಕೊಳ್ಳುತ್ತಾರೆ. ಸರಕಾರಿ ಶಾಲೆಗಳ ನೇಮಕಾತಿ ಸ್ಪರ್ಧಾತ್ಮಕ ಪರೀಕ್ಷೆಯ ಮತ್ತು ವಿದ್ಯಾರ್ಹತೆಯ ಅಂಕಗಳ ಮೇಲೆ ನಡೆಯುವುದರಿಂದ ಅಲ್ಲಿ ಮಾತಿನ ಪರೀಕ್ಷೆಯಿಲ್ಲ. ಖಾಸಗಿ ಶಾಲೆಗಳಲ್ಲಾದರೋ ಒಂದಿಷ್ಟು ಪ್ರಶ್ನೋತ್ತರ, ಹತ್ತಿಪ್ಪತ್ತು ನಿಮಿಷದ ಮಾದರಿ ಪಾಠ, ಇವೆರಡೇ ನಿರ್ಣಾಯಕ. ಮಕ್ಕಳ ಲಾಲನೆ ಪಾಲನೆಗಾಗಿ ಹಲವು ವರ್ಷ ಕೆಲಸ ಬಿಟ್ಟಿದ್ದು ಈಗ ಮರಳಿ ಶಾಲೆಗೆ ಹೊರಟ ತಾಯಂದಿರಿಗೆ ಈ ಅರ್ಧ ಗಂಟೆಯೇ ದೊಡ್ಡ ಭಯ. ಇಂಥ ಸಮಿತಿಗಳಲ್ಲಿ ಬಹಳ ವರ್ಷ ಕುಳಿತು ಬಂದ ನಾವು, ಆ ಮೇಜಿನ ಒಳಬದಿಯಿಂದ ಕಾಣುವುದನ್ನು ಈ ಸಲ ಓದುಗರ ಮುಂದಿಡುತ್ತೇವೆ.

ಇದಕ್ಕೆ ನಿಮಿತ್ತವಾದುದು ಠಾಣಾ ಕುಶನೂರಿನಿಂದ ಸಂಕ್ರಾಂತಿಯ ಮರುವಾರ ಬಂದ ಒಂದು ಪತ್ರ. ಬರೆದ ತಾಯಿ ಬಿ.ಎಸ್ಸಿ. ಪದವೀಧರೆ, 2012ರಲ್ಲಿ ಬಿ.ಎಡ್. ಮುಗಿಸಿ, 2014ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ತೇರ್ಗಡೆಯಾದವರು. ತವರಿನ ಸಮೀಪದ ಶಾಲೆಯೊಂದರಲ್ಲಿ ಮೂರು ವರ್ಷ ಗಣಿತ ಕಲಿಸಿ, 2016ರಲ್ಲಿ ಹಿರಿಯ ಮಗಳು ಹುಟ್ಟುವ ಮುನ್ನ ಕೆಲಸ ಬಿಟ್ಟರು. ಬಳಿಕ ಮಗ ಹುಟ್ಟಿದ, ಅತ್ತೆಯವರ ಕಾಯಿಲೆ ಬಂದಿತು, ವರ್ಷಗಳು ಉರುಳಿದವು. ಈಗ ಇಬ್ಬರೂ ಮಕ್ಕಳು ಶಾಲೆಗೆ ಹೋಗುತ್ತಾರೆ. ಎರಡು ವರ್ಷ ಮಳೆ ಕೈಕೊಟ್ಟು ತೊಗರಿ, ಸೋಯಾಬೀನು ನಂಬಿದ ಮನೆಗೆ ಕಷ್ಟ ಬಂದಿದೆ; ಮನೆಯಲ್ಲಿ ಮತ್ತೊಂದು ಸಂಬಳ ಬೇಕಾಗಿದೆ. ಅದಕ್ಕೂ ಮಿಗಿಲಾಗಿ, "ಕಲಿತದ್ದೆಲ್ಲ ಮರೆತೇಹೋಗುವುದೋ ಏನೋ ಗುರುಗಳೇ" ಎಂದು ಅವರು ಬರೆದಿದ್ದರು. ಭಾಲ್ಕಿಯ ಒಂದು ಶಾಲೆಯಲ್ಲಿ ಏಪ್ರಿಲ್ ಕೊನೆಗೆ ಸಂದರ್ಶನ. ಅವರ ಪ್ರಶ್ನೆ ಒಂದೇ: ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳಿದರೆ ಏನು ಹೇಳಲಿ?

ಆ ಪ್ರಶ್ನೆಗೆ ಬರುವ ಮುನ್ನ ಕಾಗದಪತ್ರಗಳ ಮಾತನ್ನು ಮುಗಿಸಿಬಿಡೋಣ. ಈ ತಾಯಿಗೆ ಎರಡು ಅಂಜಿಕೆಗಳಿದ್ದವು, ಎರಡೂ ನಿರಾಧಾರ. ಬಿ.ಎಡ್. ಈಗ ಎರಡು ವರ್ಷದ ಕೋರ್ಸು, ತಮ್ಮದು ಒಂದೇ ವರ್ಷದ್ದು ಎಂಬುದು ಮೊದಲನೆಯದು. ಎರಡು ವರ್ಷದ ಪದ್ಧತಿ ಬಂದದ್ದು 2015ರಿಂದ. ಅದಕ್ಕೆ ಮುಂಚೆ ಪಡೆದ ಒಂದು ವರ್ಷದ ಪದವಿಗೆ ಅದರಿಂದ ಚ್ಯುತಿಯಿಲ್ಲ. ಟಿಇಟಿ ಪ್ರಮಾಣಪತ್ರಕ್ಕೆ ಏಳೇ ವರ್ಷದ ಆಯುಷ್ಯ, ತಮ್ಮದು 2021ಕ್ಕೇ ತೀರಿತು ಎಂಬುದು ಎರಡನೆಯದು. ಆ ಏಳು ವರ್ಷದ ಮಿತಿಯನ್ನು ಕೇಂದ್ರ ಸರಕಾರ 2021ರ ಜೂನ್‌ನಲ್ಲಿ ತೆಗೆದುಹಾಕಿ, 2011ರಿಂದ ಈಚೆಗಿನ ಎಲ್ಲ ಪ್ರಮಾಣಪತ್ರಗಳೂ ಜೀವಮಾನಪರ್ಯಂತ ಸಲ್ಲುವಂತೆ ಮಾಡಿತು. ನಿಜವಾದ ತೊಡಕು ಅವರು ಎಣಿಸದೆ ಇದ್ದ ಕಡೆಯಲ್ಲಿತ್ತು. ಅಂಕಪಟ್ಟಿಗಳಲ್ಲಿ ತಂದೆಯ ಮನೆಯ ಹೆಸರು, ಆಧಾರ್ ಚೀಟಿಯಲ್ಲಿ ಗಂಡನ ಮನೆಯ ಹೆಸರು. ವಿವಾಹ ನೋಂದಣಿಯ ಪತ್ರ ಮತ್ತು ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರವನ್ನು ಮುಂಚಿತವಾಗಿ ಮಾಡಿಸಿಕೊಳ್ಳದಿದ್ದರೆ ಸಂದರ್ಶನದ ಮೊದಲ ಐದು ನಿಮಿಷ ಈ ವಿವರಣೆಯಲ್ಲಿಯೇ ಕಳೆಯುತ್ತದೆ. ಹಳೆಯ ಶಾಲೆಯಿಂದ ಸೇವಾ ಪ್ರಮಾಣಪತ್ರವನ್ನೂ ಅವರು ತೆಗೆದುಕೊಂಡಿರಲಿಲ್ಲ. ಸೇರಿದ ದಿನಾಂಕ, ಬಿಟ್ಟ ದಿನಾಂಕ, ಕಲಿಸಿದ ತರಗತಿ ಇವಿಷ್ಟಿರುವ ಒಂದು ಹಾಳೆ ಸಾಕು. ಆದರೆ ಮುಖ್ಯಗುರುಗಳು ಬದಲಾದಷ್ಟೂ ಅದು ದುರ್ಲಭವಾಗುತ್ತದೆ.

ಇನ್ನು ಆ ಪ್ರಶ್ನೆ. ಅದನ್ನು ಕೇಳುವವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ನಾವು ಕಂಡ ಮಟ್ಟಿಗೆ, ಮನೆಯಲ್ಲಿದ್ದುದು ತಪ್ಪು ಎಂದು ಭಾವಿಸುವ ಸಮಿತಿಯವರು ವಿರಳ. ಅವರ ಮನೆಯ ಹೆಣ್ಣುಮಕ್ಕಳೂ ಹಾಗೆಯೇ ಬಿಟ್ಟವರು. ಅವರಿಗಿರುವ ಸಂಶಯಗಳು ಎರಡು. ಈಕೆ ವರ್ಷದ ನಡುವೆ ಬಿಟ್ಟುಹೋದರೆ ಮಾರ್ಚಿಯ ಪರೀಕ್ಷೆಯ ಹೊತ್ತಿಗೆ ಗಣಿತದ ಶಿಕ್ಷಕರನ್ನು ಎಲ್ಲಿಂದ ತರುವುದು ಎಂಬುದು ಒಂದು. ಈಕೆಯ ಪಾಠ 2016ರಲ್ಲಿಯೇ ನಿಂತಿದೆಯೋ, ಇಂದಿನ ತರಗತಿಗೆ ಒಗ್ಗುತ್ತದೆಯೋ ಎಂಬುದು ಇನ್ನೊಂದು. ಇವೆರಡಕ್ಕೆ ಉತ್ತರ ಸಿಕ್ಕರೆ ಕಳೆದ ವರ್ಷಗಳ ಮಾತನ್ನು ಅವರು ಮತ್ತೆ ಎತ್ತುವುದಿಲ್ಲ.

ಆದರೆ ಬಹುಮಂದಿ ತಾಯಂದಿರು ಉತ್ತರಿಸುವುದು ಕೇಳದ ಪ್ರಶ್ನೆಗೆ. ಕೆಲವರು ಕ್ಷಮೆ ಕೇಳುವವರಂತೆ ಅತ್ತೆಯ ಕಾಯಿಲೆ, ಮಗುವಿನ ಜ್ವರ, ಗಂಡನ ವರ್ಗಾವಣೆ ಎಲ್ಲವನ್ನೂ ಹತ್ತು ನಿಮಿಷ ಹೇಳುತ್ತಾರೆ. ಕೇಳಿದವರಿಗೆ, ಈ ಮನೆಯಲ್ಲಿ ನಾಳೆಯೂ ಇಂಥದೇ ಏನಾದರೂ ಬಂದೀತು ಎಂಬ ಭಾವನೆಯಷ್ಟೇ ಉಳಿಯುತ್ತದೆ. ಇನ್ನು ಕೆಲವರು ಮನೆಗೆಲಸವೂ ಕಾಯಕವೇ ಎಂದು ಆರಂಭಿಸುತ್ತಾರೆ. ಆ ಮಾತು ಸತ್ಯವೇ, ನಮಗೆ ಅದು ಪ್ರಿಯವೂ ಹೌದು. ಆದರೆ ಒಂದೇ ದಿನ ಆರು ಜನರ ಬಾಯಿಂದ ಅದನ್ನು ಕೇಳಿದ ಸಮಿತಿಗೆ, ಈಕೆ ಏಳನೆಯ ತರಗತಿಗೆ ಸಮೀಕರಣ ಕಲಿಸಬಲ್ಲಳೇ ಎಂಬುದು ಇನ್ನೂ ತಿಳಿದಿರುವುದಿಲ್ಲ. ಮೂರನೆಯ ಬಗೆಯವರಿಗೆ ಬಂಧುಗಳು ಉಪಾಯ ಹೇಳಿಕೊಟ್ಟಿರುತ್ತಾರೆ: ಮನೆಯಲ್ಲಿ ಟ್ಯೂಶನ್ ಹೇಳುತ್ತಿದ್ದೆ ಎಂದುಬಿಡು. ನಿಜವಾಗಿ ಹೇಳಿದ್ದರೆ ಅದು ಬಹು ಬೆಲೆಯುಳ್ಳ ಮಾತು. ಹೇಳಿರದಿದ್ದರೆ, ಎಷ್ಟು ಮಕ್ಕಳು, ಯಾವ ತರಗತಿ, ಯಾವ ಅಧ್ಯಾಯದಲ್ಲಿ ಹೆಚ್ಚು ಎಡವುತ್ತಿದ್ದರು ಎಂಬ ಮೂರು ಮರುಪ್ರಶ್ನೆಗಳಲ್ಲಿ ಅದು ಬಯಲಾಗುತ್ತದೆ. ಮೂರನೆಯದಕ್ಕೆ ಉತ್ತರ ಕಟ್ಟಿ ಹೇಳಲು ಯಾರಿಗೂ ಆಗದು.

ಈ ತಾಯಿಗೆ ನಾವು ಬರೆದ ಉತ್ತರದಲ್ಲಿ, ಹೇಳಬೇಕಾದುದು ಮೂರು ವಾಕ್ಯ ಮೀರದಿರಲಿ ಎಂದೆವು. ಯಾವಾಗ, ಏಕೆ ಬಿಟ್ಟಿರಿ. ಮತ್ತೆ ಕಲಿಸಲು ಈಚೆಗೆ ಏನು ಮಾಡಿದಿರಿ. ಮನೆಯ ವ್ಯವಸ್ಥೆ ಈಗ ಹೇಗಿದೆ. ಮೊದಲನೆಯದು ಅವರ ಬಳಿ ಇತ್ತು. ಎರಡನೆಯದು ಇರಲಿಲ್ಲ, ಅದನ್ನು ಗಳಿಸಿಕೊಳ್ಳಲು ಮೂರು ತಿಂಗಳ ಅವಕಾಶವಿತ್ತು.

ಬೆಂಗಳೂರು, ಮುಂಬಯಿಯಂಥ ನಗರಗಳಲ್ಲಿ ಕೆಲವು ದೊಡ್ಡ ಸಂಸ್ಥೆಗಳು ಇದಕ್ಕಾಗಿಯೇ ಏರ್ಪಾಟು ಮಾಡಿವೆ. ಟಾಟಾ ಸಮೂಹವು 2008ರಲ್ಲಿ, ಕೆಲಸ ಬಿಟ್ಟಿದ್ದ ಮಹಿಳೆಯರನ್ನು ಕೆಲವು ತಿಂಗಳ ಮಟ್ಟಿಗೆ ನಿಜವಾದ ಕೆಲಸವೊಂದರಲ್ಲಿ ತೊಡಗಿಸುವ ಯೋಜನೆಯನ್ನು ಆರಂಭಿಸಿತು. ಅದರ ಸಾರ ಇಷ್ಟೇ: ಹಳೆಯ ಅನುಭವಕ್ಕೂ ಇಂದಿಗೂ ನಡುವೆ ಒಂದು ಹೊಸ ಕೆಲಸದ ಸಾಕ್ಷಿಯನ್ನು ನಿಲ್ಲಿಸುವುದು. ಹಳ್ಳಿಯಲ್ಲಿಯೂ ಅದು ಅಸಾಧ್ಯವಲ್ಲ. ಈ ತಾಯಿ ಊರಿನ ಸರಕಾರಿ ಶಾಲೆಯ ಮುಖ್ಯಗುರುಗಳನ್ನು ಕಂಡು, ಅವರ ಒಪ್ಪಿಗೆಯಿಂದ ಫೆಬ್ರುವರಿ, ಮಾರ್ಚ್ ಎರಡು ತಿಂಗಳು ವಾರಕ್ಕೆ ಮೂರು ದಿನ ಆರನೆಯ ತರಗತಿಗೆ ಒಂದೊಂದು ತಾಸು ಗಣಿತ ಹೇಳಿದರು. ಸಂಬಳವಿಲ್ಲ. ಕೊನೆಗೆ ಒಂದು ಪತ್ರ, ಮತ್ತು ದಿನದಿನದ ಪಾಠ ಬರೆದಿಟ್ಟ ಒಂದು ನೋಟುಬುಕ್ಕು. ಆ ನೋಟುಬುಕ್ಕನ್ನೇ ಸಮಿತಿಯವರು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿರುವಿದರು.

ಬದಲಾದುದನ್ನು ತಿಳಿದುಕೊಳ್ಳುವ ಕೆಲಸವೂ ಅಲ್ಲಿಯೇ ನಡೆಯಿತು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿ ಮಕ್ಕಳ ಕಲಿಕೆ ಹಿಂದೆ ಬಿದ್ದುದಕ್ಕಾಗಿ 2022-23ರಲ್ಲಿ ರಾಜ್ಯದಲ್ಲಿ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ನಡೆಯಿತು. 2024ರಲ್ಲಿ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗೆ ವರ್ಷಕ್ಕೆ ಮೂರು ಪರೀಕ್ಷೆಯ ಅವಕಾಶ ಬಂದಿತು. ಹತ್ತನೆಯ ತರಗತಿಯ ಗಣಿತ, ವಿಜ್ಞಾನಗಳಲ್ಲಿ ಎನ್‌ಸಿಇಆರ್‌ಟಿಯ ಪುಸ್ತಕದ ಕ್ರಮವೇ ಇದೆ. ಇವನ್ನು ಕಂಠಪಾಠ ಮಾಡಬೇಕಿಲ್ಲ. ತಾವು ಕಲಿಸಲಿರುವ ತರಗತಿಯ ಇಂದಿನ ಪುಸ್ತಕವನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆ ಓದಿ, ಅಭ್ಯಾಸದ ಲೆಕ್ಕಗಳನ್ನು ಪೆನ್ನು ಹಿಡಿದು ಮಾಡಿದ್ದರೆ ಸಾಕು. ಓದಿದವರಿಗೂ ಓದದವರಿಗೂ ಇರುವ ಅಂತರ ಎರಡು ಪ್ರಶ್ನೆಗಳಲ್ಲಿ ಗೊತ್ತಾಗುತ್ತದೆ.

ಇನ್ನು ಮಾದರಿ ಪಾಠ. ಕೆಲಸ ಸಿಗುವುದೂ ಕೈಬಿಡುವುದೂ ಇಲ್ಲಿಯೇ ಆದಕಾರಣ ತುಸು ವಿಸ್ತಾರವಾಗಿ ಹೇಳುತ್ತೇವೆ.

ಮನೆಯಲ್ಲಿ ಕಣ್ಣಿಗೆ ಬೀಳದ ಸಂಗತಿಯೊಂದಿದೆ. ಸಂದರ್ಶನ ನಡೆಯುವುದು ರಜೆಯಲ್ಲಿ. ಬಹುಮಟ್ಟಿಗೆ ಕೋಣೆಯಲ್ಲಿ ಮಕ್ಕಳೇ ಇರುವುದಿಲ್ಲ. ಬೆಂಚುಗಳ ಮೇಲೆ ಕುಳಿತವರು ಕಾರ್ಯದರ್ಶಿಗಳು, ಮುಖ್ಯಗುರುಗಳು, ಒಬ್ಬಿಬ್ಬರು ಶಿಕ್ಷಕರು. ಹೀಗಾಗಿ ಅಭ್ಯರ್ಥಿ ಪಾಠದ ಬದಲು ಹಿರಿಯರೆದುರು ಭಾಷಣ ಮಾಡತೊಡಗುತ್ತಾರೆ. ಬಹುಕಾಲ ತರಗತಿಯಿಂದ ದೂರವಿದ್ದವರಲ್ಲಿ ಈ ದೋಷ ಬೇಗ ಕಾಣಿಸಿಕೊಳ್ಳುತ್ತದೆ; ಹಲಗೆಗೆ ಮುಖ ಮಾಡಿ, ಒಂದೂ ಪ್ರಶ್ನೆ ಕೇಳದೆ, ಉಸಿರು ಬಿಡದೆ ಹೇಳಿ ಮುಗಿಸುತ್ತಾರೆ. ಕುಳಿತವರನ್ನು ಹನ್ನೊಂದು ವರ್ಷದ ಮಕ್ಕಳೆಂದೇ ಭಾವಿಸಿ ಅವರಿಗೇ ಪ್ರಶ್ನೆ ಹಾಕಬೇಕು. ಕಾರ್ಯದರ್ಶಿಗಳು ನಕ್ಕಾರು, ನಗಲಿ. ಎರಡನೆಯ ಪ್ರಶ್ನೆಗೆ ಅವರೂ ಮಗುವಿನಂತೆಯೇ ಉತ್ತರಿಸುತ್ತಾರೆ, ಮೂರನೆಯದಕ್ಕೆ ಬೇಕೆಂದೇ ತಪ್ಪು ಉತ್ತರ ಕೊಡುತ್ತಾರೆ. ಆ ತಪ್ಪಿಗೆ ಅಭ್ಯರ್ಥಿ ಏನು ಮಾಡುತ್ತಾರೆಂದು ನೋಡುವುದೇ ಅವರ ಉದ್ದೇಶ.

ಈ ತಾಯಿ ಆರಿಸಿಕೊಂಡ ಪಾಠ ಭಿನ್ನರಾಶಿಗಳ ಹೋಲಿಕೆ. ಮೊದಲು ಅವರು ಇಡೀ ಅಧ್ಯಾಯವನ್ನು ಹದಿನೈದು ನಿಮಿಷಕ್ಕೆ ತುಂಬಲು ಹೊರಟಿದ್ದರು: ವ್ಯಾಖ್ಯೆ, ವಿಧಗಳು, ಸಂಕಲನ, ವ್ಯವಕಲನ. ಬೇಡವೆಂದೆವು. ಒಂದೇ ಮಾತು ಸಾಕು: ಮೂರನೆಯ ಒಂದು ಭಾಗ ಅರ್ಧಕ್ಕಿಂತ ಚಿಕ್ಕದು, ಏಕೆ? ಇದು ಸಣ್ಣದೆಂದು ತೋರುತ್ತದೆ. ಆದರೆ ಎರಡಕ್ಕಿಂತ ಮೂರು ದೊಡ್ಡದು, ಆದ್ದರಿಂದ 1/2ಕ್ಕಿಂತ 1/3 ದೊಡ್ಡದು ಎಂದು ಹೇಳುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಅವರ ಮನಸ್ಸಿನಿಂದ ಅದನ್ನು ಕೀಳುವುದೇ ಪಾಠ.

ಅವರು ಆರಂಭಿಸಿದ್ದು ರೊಟ್ಟಿಯಿಂದ. ಒಂದು ರೊಟ್ಟಿಯನ್ನು ಇಬ್ಬರು ಹಂಚಿಕೊಂಡರೆ ನಿನ್ನ ಪಾಲು ಹೆಚ್ಚೋ, ಮೂವರು ಹಂಚಿಕೊಂಡರೆ ಹೆಚ್ಚೋ? ಉತ್ತರ ಬಂದ ಮೇಲೆ ಹಲಗೆಯ ಮೇಲೆ 1/2 ಮತ್ತು 1/3 ಬರೆದು, ಯಾವುದು ದೊಡ್ಡದು ಎಂದು ಕೇಳಿ ಸುಮ್ಮನೆ ನಿಂತರು. ಈ ಮೌನ ಕಷ್ಟದ್ದು. ಅಭ್ಯಾಸ ತಪ್ಪಿದವರು ಎರಡು ಕ್ಷಣ ತಾಳದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಬಳಿಕ ಕಾಗದದ ಪಟ್ಟಿಗಳು. ಪಟ್ಟಿಯನ್ನು ಎರಡಾಗಿ ಮಡಿಸುವುದು ಸುಲಭ, ಮೂರು ಸಮನಾಗಿ ಮಡಿಸುವುದು ಸುಲಭವಲ್ಲ. ಸಮಿತಿಯೆದುರು ಕೈ ನಡುಗಿದರೆ ಮೂರು ಭಾಗಗಳು ಮೂರು ಅಳತೆಯಾಗಿ ಪಾಠವೇ ಕೆಡುತ್ತದೆ. ಆದುದರಿಂದ ಮೂವತ್ತು ಸೆಂಟಿಮೀಟರಿನ ಅಳತೆಪಟ್ಟಿಯಷ್ಟೇ ಉದ್ದದ ಪಟ್ಟಿಗಳನ್ನು ಮನೆಯಲ್ಲಿಯೇ ಗುರುತು ಹಾಕಿ ತಂದಿದ್ದರು. ಅದರ ಅರ್ಧ 15, ಮೂರನೆಯ ಒಂದು ಭಾಗ 10, ಐದನೆಯ ಒಂದು ಭಾಗ 6 ಸೆಂಟಿಮೀಟರು, ಎಲ್ಲವೂ ಪೂರ್ಣಸಂಖ್ಯೆಗಳೇ. ಒಂದರ ಕೆಳಗೊಂದು ಅಂಟಿಸಿದಾಗ ಹಿಂದಿನ ಬೆಂಚಿಗೂ ಕಾಣುತ್ತದೆ.

ಎಣಿಸಿದಂತೆಯೇ ಗಣಿತದ ಶಿಕ್ಷಕರು ಮಗುವಿನ ಧ್ವನಿಯಲ್ಲಿ, "ಹಾಗಾದರೆ ಕೆಳಗಿನ ಸಂಖ್ಯೆ ದೊಡ್ಡದಾದರೆ ಭಿನ್ನರಾಶಿ ಯಾವಾಗಲೂ ಚಿಕ್ಕದು, ಹೌದಲ್ಲರೀ ಟೀಚರ್?" ಎಂದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ತಾಯಿ ಐದನೆಯ ಭಾಗದ ಮೂರು ತುಂಡುಗಳನ್ನು ಸಾಲಾಗಿ ಅಂಟಿಸಿ, ಇದು 3/5, ಅಳೆದು ನೋಡು ಎಂದರು. ಹದಿನೆಂಟು ಸೆಂಟಿಮೀಟರು, ಅರ್ಧವಾದರೋ ಹದಿನೈದೇ. ಮೇಲಿನ ಸಂಖ್ಯೆಗಳು ಸಮವಾಗಿದ್ದಾಗ ಮಾತ್ರ ಆ ಮಾತು ನಿಜ ಎಂಬುದು ಅವರ ಬಾಯಿಯಿಂದಲ್ಲದೆ ಪಟ್ಟಿಯಿಂದಲೇ ಹೊರಟಿತು. ಇನ್ನೊಂದು ಮರುಪ್ರಶ್ನೆಯೂ ಇಲ್ಲಿ ಬರುವುದುಂಟು: ಚಿಕ್ಕ ರೊಟ್ಟಿಯ ಅರ್ಧ, ದೊಡ್ಡ ರೊಟ್ಟಿಯ ಮೂರನೆಯ ಭಾಗಕ್ಕಿಂತ ಹೆಚ್ಚೇ? ರೊಟ್ಟಿ ಒಂದೇ ಅಳತೆಯದಾಗಿದ್ದರೆ ಮಾತ್ರ ಹೋಲಿಸಬಹುದು ಎಂಬ ಉತ್ತರ ಸಿದ್ಧವಿರಬೇಕು. ಯಾವ ಪಾಠವನ್ನೇ ಆರಿಸಲಿ, ಇಂಥ ಎರಡು ಮರುಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಂಡು ಹೋಗುವುದು ಹತ್ತು ಚಾರ್ಟುಗಳನ್ನು ಒಯ್ಯುವುದಕ್ಕಿಂತ ಮೇಲು.

ಗಡಿಭಾಗದ ನಮ್ಮ ಶಾಲೆಗಳಿಗೆ ವಿಶೇಷವಾದ ಮಾತೊಂದಿದೆ. ಠಾಣಾ ಕುಶನೂರು, ಔರಾದ ಕಡೆಯ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ಕನ್ನಡದ ಪದ ತಿಳಿಯದೆ ಸುಮ್ಮನೆ ಕುಳಿತ ಮಗುವನ್ನು ಹೇಗೆ ಗುರುತಿಸುವಿರಿ ಎಂದು ಸಮಿತಿ ಕೇಳಿತು. ಅಂಶ, ಛೇದ ಎಂಬ ಎರಡು ಶಬ್ದಗಳು ಕನ್ನಡಕ್ಕೂ ಮರಾಠಿಗೂ ಸಮಾನ. ಭಿನ್ನರಾಶಿ ಎಂಬುದಕ್ಕೆ ಮಾತ್ರ ಅಲ್ಲಿ ಅಪೂರ್ಣಾಂಕ ಎನ್ನುತ್ತಾರೆ. ಅದೊಂದನ್ನು ಹಲಗೆಯ ಮೂಲೆಯಲ್ಲಿ ಬರೆದು ಮುಂದುವರಿಯುತ್ತೇನೆ ಎಂದು ಈ ತಾಯಿ ಹೇಳಿದರು. ಊರಿನ ಶಾಲೆಯಲ್ಲಿ ಎರಡು ತಿಂಗಳು ಕಲಿಸಿರದಿದ್ದರೆ ಈ ಉತ್ತರ ಅವರಿಗೆ ಹೊಳೆಯುತ್ತಿರಲಿಲ್ಲ.

ಕೈಬರಹದ ಮಾತನ್ನೂ ಹೇಳಿಬಿಡುತ್ತೇವೆ. ಎಂಟೊಂಬತ್ತು ವರ್ಷ ಸುಣ್ಣದ ಕಡ್ಡಿ ಹಿಡಿಯದ ಕೈ ಹಲಗೆಯ ಮೇಲೆ ಸಾಲು ಸಾಲಾಗಿ ಕೆಳಗಿಳಿಯುತ್ತದೆ, ಅಕ್ಷರ ಬಲಕ್ಕೆ ಹೋದಂತೆ ಕಿರಿದಾಗುತ್ತದೆ. ಮನೆಯ ಹಿಂಗೋಡೆಯ ಮೇಲೆ ದಿನವೂ ಕಾಲು ಗಂಟೆ ಬರೆದು, ಹತ್ತು ಹೆಜ್ಜೆ ಹಿಂದೆ ಸರಿದು ತಾವೇ ಓದಿ ನೋಡಿಕೊಳ್ಳಬೇಕು. ಈ ತಾಯಿಯ ಮಗಳು ಅಂಗಳದ ಆ ತುದಿಯಲ್ಲಿ ನಿಂತು, ಕಾಣಿಸುವುದಿಲ್ಲವೆಂದು ಕೂಗುತ್ತಿದ್ದಳಂತೆ. ಅದಕ್ಕಿಂತ ಉತ್ತಮ ಪರೀಕ್ಷಕರಿಲ್ಲ.

ಮೊದಲನೆಯ ಸಂಶಯಕ್ಕೆ, ಅಂದರೆ ವರ್ಷದ ನಡುವೆ ಬಿಡುವಿರಾ ಎಂಬುದಕ್ಕೆ, ಭರವಸೆಯ ಮಾತು ಉತ್ತರವಲ್ಲ, ವ್ಯವಸ್ಥೆಯೇ ಉತ್ತರ. ಬೆಳಿಗ್ಗೆ ಯಾವ ಬಸ್ಸಿಗೆ ಹೊರಡುವಿರಿ, ಆ ಬಸ್ಸು ತಪ್ಪಿದರೆ ಮುಂದಿನದು ಯಾವುದು, ಸಂಜೆ ನಾಲ್ಕೂವರೆಯಿಂದ ನೀವು ಮನೆ ಮುಟ್ಟುವವರೆಗೆ ಮಕ್ಕಳು ಯಾರ ಬಳಿ ಇರುತ್ತಾರೆ, ಜ್ವರ ಬಂದ ದಿನ ಯಾರು ನೋಡುತ್ತಾರೆ ಎಂಬುದನ್ನು ಹೆಸರು ಹಿಡಿದು ಹೇಳಲು ಬರಬೇಕು. ಅದನ್ನು ಹೇಳಬೇಕಾದರೆ ಮನೆಯಲ್ಲಿ ಅದು ಮೊದಲೇ ತೀರ್ಮಾನವಾಗಿರಬೇಕು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನ ಟಿಕೇಟಿನ ಖರ್ಚು ಹೆಣ್ಣುಮಕ್ಕಳಿಗೆ ಉಳಿದಿದೆ. ಬಸ್ಸಿನ ವೇಳೆಯ ತೊಂದರೆ ಮಾತ್ರ ಹಾಗೆಯೇ ಇದೆ. ಈ ಮನೆಯಲ್ಲಿ ಅತ್ತೆಯವರು, "ನಾನೀಗ ಗಟ್ಟಿ ಇದ್ದೀನಿ, ಮಕ್ಕಳ ಚಿಂತಿ ಬಿಡವ್ವ" ಎಂದರು. ಆದರೆ ಗಂಡ ವಾರದಲ್ಲಿ ಎರಡು ದಿನ ಹೊಲದಿಂದ ಬೇಗ ಬರುವುದೆಂದು ಒಪ್ಪಿಕೊಳ್ಳಲು ತಿಂಗಳೇ ಹಿಡಿಯಿತು. ಸಂದರ್ಶನದ ಸಿದ್ಧತೆಯಲ್ಲಿ ಇದೂ ಸೇರಿದ್ದು, ಇದನ್ನು ಪುಸ್ತಕ ಓದಿ ಮುಗಿಸಲಾಗದು.

ಇನ್ನೊಂದು ಮಗು ಬೇಕೆಂಬ ವಿಚಾರವಿದೆಯೇ ಎಂದು ಕೇಳುವ ಸಮಿತಿಗಳೂ ಉಂಟು. ಹಾಗೆ ಕೇಳಬಾರದು, ನಾವು ಕುಳಿತ ಕಡೆ ಕೇಳಲು ಬಿಟ್ಟಿಲ್ಲ. ಕೇಳಿಯೇ ಬಿಟ್ಟರೆ ಸಿಡುಕುವುದೂ ಬೇಡ, ವಿವರಿಸುವುದೂ ಬೇಡ. ಅದು ಮನೆಯ ಮಾತು ಸರ್, ಶಾಲೆಯ ವರ್ಷಕ್ಕೆ ನನ್ನ ವ್ಯವಸ್ಥೆ ಹೀಗಿದೆ ಎಂದು ಬಸ್ಸಿನ ಮಾತಿಗೆ ಹೊರಳುವುದು ಲೇಸು.

ಕೊನೆಗೆ ನಿಮಗೇನಾದರೂ ಕೇಳುವುದಿದೆಯೇ ಎನ್ನುತ್ತಾರೆ. ಇಲ್ಲವೆಂದು ಎದ್ದುಬರುವವರೇ ಹೆಚ್ಚು. ಸಂಬಳ ಹನ್ನೆರಡು ತಿಂಗಳಿಗೋ, ರಜೆಯ ಎರಡು ತಿಂಗಳು ಬಿಟ್ಟು ಹತ್ತಕ್ಕೋ ಎಂಬುದನ್ನು ಕೇಳಲೇಬೇಕು; ವರ್ಷದ ಲೆಕ್ಕದಲ್ಲಿ ಆರನೆಯ ಒಂದು ಭಾಗದ ವ್ಯತ್ಯಾಸವದು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಾದರೆ ಭವಿಷ್ಯನಿಧಿಯ ಖಾತೆಯನ್ನೂ ಕೇಳಬೇಕು. ದೀರ್ಘಕಾಲ ಮನೆಯಲ್ಲಿದ್ದವರು, ಕೊಟ್ಟರೆ ಸಾಕೆಂಬ ದೈನ್ಯದಿಂದ ಈ ಪ್ರಶ್ನೆಗಳನ್ನು ನುಂಗಿಕೊಳ್ಳುತ್ತಾರೆ. ಕೇಳಿದ ಕಾರಣಕ್ಕೆ ಆಯ್ಕೆ ತಪ್ಪಿದ್ದನ್ನು ನಾವು ಕಂಡಿಲ್ಲ.

ಆರರಿಂದ ಎಂಟನೆಯ ತರಗತಿಯ ಗಣಿತಕ್ಕೆ ಈ ತಾಯಿಯನ್ನು ಆರಿಸಿಕೊಂಡರು. ಸಂಬಳ ಹನ್ನೆರಡು ತಿಂಗಳಿಗೆ. ಅವರು ಎಣಿಸಿದ್ದಕ್ಕಿಂತ ತುಸು ಕಡಿಮೆಯೇ. ಸೇರುವ ದಿನ ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಇಡಬೇಕೆಂದರು. ಕೆಲವು ಶಾಲೆಗಳಲ್ಲಿ ಇದು ರೂಢಿ, ಒಳ್ಳೆಯ ರೂಢಿಯಲ್ಲ. ಪರಿಶೀಲನೆಗೆ ತೋರಿಸುತ್ತೇನೆ, ನಕಲು ಪ್ರತಿ ಕೊಡುತ್ತೇನೆ, ಮೂಲಪ್ರತಿ ಇಡಲೇಬೇಕಾದರೆ ರಶೀದಿ ಬೇಕು ಎಂದರು. ಗುಮಾಸ್ತರು ಅಂಥ ರಶೀದಿ ಪುಸ್ತಕವೇ ನಮ್ಮಲ್ಲಿಲ್ಲ ಎಂದಾಗ, ಪತ್ರಗಳ ಪಟ್ಟಿಯನ್ನು ಎರಡು ಪ್ರತಿ ಬರೆದು ತಂದಿದ್ದ ಇವರು ಒಂದನ್ನು ಅವರ ಮುಂದಿಟ್ಟು, ಇನ್ನೊಂದರ ಮೇಲೆ ಸಹಿ ಮತ್ತು ಮೊಹರು ಹಾಕಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳಿದರು.